ಹಿಡಿ ಶೇಂಗಾದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕೊಪ್ಪಳ ಜಿಲ್ಲೆಯಲ್ಲಿ ಪಥ್ಯಾಹಾರದ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಕೆಲವು ತಿಂಗಳ ಹಿಂದೆ ಗಂಗಾವತಿ ಕಡೆಯ ರೈತರೊಬ್ಬರು ಬಂದಿದ್ದರು. ವಯಸ್ಸು 54. ಬಿಪಿಗೆ ಮಾತ್ರೆ ನುಂಗುತ್ತಿದ್ದಾರೆ, ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ. ಬಂದವರೇ ಕೇಳಿದರು: "ಮೇಡಂ, ಹಾರ್ಟಿಗೆ ಒಳ್ಳೇದಂತ ದಿನಾ ಅಕ್ರೋಟು, ಗೋಡಂಬಿ, ಶೇಂಗಾ ತಿನ್ನಾಕತ್ತೀನ್ರಿ. ಮತ್ತ ತೂಕ ಯಾಕ ಏರಾಕತ್ತೈತಿ?" ಎರಡೂವರೆ ತಿಂಗಳಲ್ಲಿ ಮೂರು ಕಿಲೊ ಏರಿತ್ತು. ಬಿಪಿಯೂ ಇಳಿದಿರಲಿಲ್ಲ.

ಅವರು ಕೇಳಿದ ಸುದ್ದಿ ಸುಳ್ಳಲ್ಲ. ಸ್ಪೇನ್ ದೇಶದಲ್ಲಿ ಹೃದಯಕ್ಕೆ ಅಪಾಯ ಹೆಚ್ಚಿದ್ದ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪ್ರೆಡಿಮೆಡ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಅದರಲ್ಲಿ ಒಂದು ಗುಂಪಿಗೆ ಆ ದೇಶದ ಸಾಂಪ್ರದಾಯಿಕ ಊಟದ ಜೊತೆ ದಿನಕ್ಕೆ 30 ಗ್ರಾಂ ಬೀಜಗಳನ್ನು ಕೊಟ್ಟರು. ಅರ್ಧದಷ್ಟು ಅಕ್ರೋಟು, ಉಳಿದದ್ದು ಬಾದಾಮಿ ಮತ್ತು ಹೇಜಲ್‌ನಟ್. ಆ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾದವು. ಆದರೆ ಆ 30 ಗ್ರಾಂ ಎಂಬ ಅಳತೆಯನ್ನು ಬಿಟ್ಟು "ಒಳ್ಳೇದು" ಎಂಬ ಮಾತು ಮಾತ್ರ ನಮ್ಮೂರಿಗೆ ಬಂದು ಮುಟ್ಟಿದೆ.

ಆ ರೈತರನ್ನು ಕೂರಿಸಿಕೊಂಡು ಇಡೀ ದಿನದ ಲೆಕ್ಕ ಹಾಕಿದೆವು. ಬೆಳಿಗ್ಗೆ ಎಂಟು ಹೋಳು ಅಕ್ರೋಟು, ಸುಮಾರು 16 ಗ್ರಾಂ. ಅದರ ಜೊತೆ ಹನ್ನೆರಡು ಗೋಡಂಬಿ, ಎಣ್ಣೆಯಲ್ಲಿ ಕರಿದು ಉಪ್ಪು ಹಚ್ಚಿದವು. ಇವೆರಡೂ ಸೇರಿ 210 ಕ್ಯಾಲೊರಿ. ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರ ಕಾಗದದ ಪೊಟ್ಟಣದಲ್ಲಿ ಕೊಡುವ ಉಪ್ಪು ಶೇಂಗಾ. ಪೊಟ್ಟಣಕ್ಕೆ 60 ಗ್ರಾಂ ಎಂದು ಹಿಡಿದರೂ 350 ಕ್ಯಾಲೊರಿ. ಒಟ್ಟು 560. ನಾಲ್ಕು ಜೋಳದ ರೊಟ್ಟಿಗೆ ಹತ್ತಿರದ ಲೆಕ್ಕ ಅದು. ಬೀಜ ತಿಂದಾಗ ಹೊಟ್ಟೆ ತುಂಬುವುದರಿಂದ ರಾತ್ರಿ ಅವರು ಒಂದು ರೊಟ್ಟಿ ಕಡಿಮೆ ಮಾಡಿದ್ದರಂತೆ. ಸಂಜೆಯ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ಮಾತ್ರ ಹಾಗೆಯೇ ನಡೆದಿತ್ತು.

ತೂಕ ಏರಿದ್ದು ಇಲ್ಲಿಯೇ. ಬೀಜಗಳನ್ನು ತಿಂದವರ ತೂಕ ಅಷ್ಟಾಗಿ ಏರುವುದಿಲ್ಲ ಎಂದು ಅಧ್ಯಯನಗಳು ಹೇಳುವುದು ನಿಜ. ಇಡಿಯ ಕಾಳಿನ ಕೊಬ್ಬೆಲ್ಲ ಮೈಗೆ ಹತ್ತುವುದಿಲ್ಲ, ಅಗಿದ ಚೂರುಗಳೊಳಗೆ ಸಿಕ್ಕಿಕೊಂಡು ಸ್ವಲ್ಪ ಹಾಗೆಯೇ ಹೊರಗೆ ಹೋಗುತ್ತದೆ. ಆದರೆ ಆ ಲಾಭ ಸಿಗುವುದು ಬೇರೆ ಯಾವುದೋ ತಿಂಡಿಯ ಜಾಗದಲ್ಲಿ ಬೀಜ ತಿಂದವರಿಗೆ. ಮಿರ್ಚಿಯ ಮೇಲೆ ಶೇಂಗಾ ಎಂದರೆ ತೂಕ ಏರುತ್ತದೆ, ಮಿರ್ಚಿಯ ಬದಲು ಶೇಂಗಾ ಎಂದರೆ ಏರುವುದಿಲ್ಲ.

ಇನ್ನೊಂದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾನೇ ಕೇಳಿದೆ, "ಊಟಕ್ಕ ಹಿಂಡಿ ಇರ್ತೈತಲ್ರಿ?" ಇರುತ್ತದೆ, ಶೇಂಗಾ ಹಿಂಡಿ ಇಲ್ಲದೆ ನಮ್ಮ ಕಡೆ ರೊಟ್ಟಿ ಇಳಿಯುತ್ತದೆಯೇ? ಎರಡು ಹೊತ್ತಿಗೆ ಎರಡು ದೊಡ್ಡ ಚಮಚ ಹಿಂಡಿ ಹಾಕಿಕೊಂಡರೆ ಹನ್ನೆರಡು ಗ್ರಾಂನಷ್ಟು ಶೇಂಗಾ ಆಗಲೇ ಹೊಟ್ಟೆ ಸೇರಿರುತ್ತದೆ. ಪಲ್ಯಕ್ಕೆ ಉದುರಿಸಿದ ಶೇಂಗಾ ಪುಡಿ ಬೇರೆ. ಬೆಂಗಳೂರಿನವರಿಗೆ ಬರೆದ ಪಟ್ಟಿಯನ್ನು ಕೊಪ್ಪಳ, ರಾಯಚೂರಿನ ಮನೆಗೆ ತಂದಾಗ ತಪ್ಪುವುದು ಇಲ್ಲಿ. ನಮ್ಮ ಅಡುಗೆಯಲ್ಲಿ ಅರ್ಧ ಹಿಡಿ ಮೊದಲೇ ಮುಗಿದಿರುತ್ತದೆ.

ಹಾಗಾಗಿ ಅವರಿಗೆ ಹೇಳಿದ್ದಿಷ್ಟು. ಕಿರಾಣಿ ಅಂಗಡಿಯಲ್ಲಿ ಒಂದೇ ಸಲ 30 ಗ್ರಾಂ ಶೇಂಗಾ ತೂಗಿಸಿ. ಮನೆಗೆ ತಂದು ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿ ಎಲ್ಲಿವರೆಗೆ ಬರುತ್ತದೆ ನೋಡಿಕೊಳ್ಳಿ. ಹಿಂಡಿ ತಿನ್ನುವ ದಿನ ಅದರ ಅರ್ಧದಷ್ಟು ಸಾಕು. ನಾಲ್ಕು ಗಂಟೆಗೆ ಹಸಿವಾದಾಗ, ಮಿರ್ಚಿಯ ಬದಲು, ಉಸುಕಿನಲ್ಲಿ ಹುರಿದದ್ದೋ ಕುದಿಸಿದ್ದೋ ಶೇಂಗಾ ತಿನ್ನಿ. ಸಿಪ್ಪೆ ಎಂದರೆ ಆ ಕೆಂಪು ಪೊರೆಯನ್ನು ತಿಕ್ಕಿ ಊದಬೇಡಿ, ಅದೂ ಒಳ್ಳೆಯದೇ. ಪೊಟ್ಟಣ ಕೈಯಲ್ಲಿ ಹಿಡಿದು ಮಾತಾಡುತ್ತಾ ತಿನ್ನಬೇಡಿ. ಪೊಟ್ಟಣಕ್ಕೆ ತಳ ಕಾಣುವ ತನಕ ಕೈ ನಿಲ್ಲುವುದಿಲ್ಲ.

ಹುರಿದದ್ದು ಮತ್ತು ಉಪ್ಪಿನದು ಎಂಬ ಗೊಂದಲವೂ ಅವರಿಗಿತ್ತು. ಹುರಿದದ್ದರಿಂದ ಹೃದಯಕ್ಕೆ ಕೇಡಿಲ್ಲ. ಕೇಡು ಉಪ್ಪಿನಲ್ಲಿ. ದೊಡ್ಡವರಿಗೆ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ, ಅಂದರೆ ಒಂದು ಮಟ್ಟಸ ಟೀ ಚಮಚದೊಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ಯಾಕೆಟ್ಟಿನ ಮೇಲೆ ಸೋಡಿಯಂ ಎಂದು ಮಿಲಿಗ್ರಾಂನಲ್ಲಿ ಬರೆದಿರುತ್ತಾರೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ. ನೂರು ಗ್ರಾಂಗೆ 600 ಮಿಲಿಗ್ರಾಂ ಸೋಡಿಯಂ ಇದ್ದರೆ ಒಂದೂವರೆ ಗ್ರಾಂ ಉಪ್ಪು. ಹಪ್ಪಳ, ಉಪ್ಪಿನಕಾಯಿ, ಹಿಂಡಿಯ ಮೇಲೆ ಇದೂ ಸೇರಿದರೆ ಬಿಪಿ ಮಾತ್ರೆ ಒಂದೇ ಏನು ಮಾಡೀತು? ಕಡಲೆ ಹಿಟ್ಟು ಸುತ್ತಿ ಕರಿದ ಮಸಾಲೆ ಶೇಂಗಾವನ್ನಂತೂ ನಾನು ಬೀಜದ ಲೆಕ್ಕಕ್ಕೆ ಸೇರಿಸುವುದೇ ಇಲ್ಲ, ಅದು ಕರಿದ ತಿಂಡಿ.

ಗೋಡಂಬಿ ಬಗ್ಗೆ ಹೆದರಿಕೆ ಬೇಡ, ಆದರೆ ಮೂರರಲ್ಲಿ ಹೃದಯದ ಲಾಭಕ್ಕೆ ಸಾಕ್ಷ್ಯ ಕಡಿಮೆ ಇರುವುದು ಅದಕ್ಕೇ, ಸ್ಯಾಚುರೇಟೆಡ್ ಕೊಬ್ಬೂ ಅದರಲ್ಲಿ ಸ್ವಲ್ಪ ಹೆಚ್ಚು. ಹಬ್ಬದ ಪಾಯಸಕ್ಕೆ ಇರಲಿ.

ಅಕ್ರೋಟಿನ ವಿಶೇಷವೆಂದರೆ ಅದರಲ್ಲಿರುವ ಸಸ್ಯಮೂಲದ ಒಮೆಗಾ-3. ಅದು ಶೇಂಗಾದಲ್ಲಿ ಇಲ್ಲವೆಂದರೂ ಸರಿ. "ಹಂಗಾರ ಅಷ್ಟು ರೊಕ್ಕ ಕೊಟ್ಟು ಅದನ್ನ ತರಾಕಬೇಕೇನ್ರಿ?" ಎಂದು ಅವರ ಹೆಂಡತಿ ಕೇಳಿದರು. ಬೇಕಿಲ್ಲ. ಅದೇ ಒಮೆಗಾ-3 ನಮ್ಮ ಅಗಸಿಯಲ್ಲಿ ಅಕ್ರೋಟಿಗಿಂತ ಎರಡು ಪಟ್ಟು ಹೆಚ್ಚಿದೆ. ದಿನ ಬಿಟ್ಟು ದಿನ ಶೇಂಗಾ ಹಿಂಡಿಯ ಜಾಗದಲ್ಲಿ ಅಗಸಿ ಹಿಂಡಿ ಮಾಡಿ, ಉಪ್ಪು ಅರ್ಧ ಹಾಕಿ ಎಂದೆ. ಅಗಸಿಯನ್ನು ಕುಟ್ಟಲೇಬೇಕು, ಇಡಿ ಕಾಳು ಹಾಗೆಯೇ ಹೊರಗೆ ಹೋಗುತ್ತದೆ. ಅಕ್ರೋಟು ಇಷ್ಟವಿದ್ದರೆ ವಾರಕ್ಕೆ ಎರಡು ದಿನ, ಶೇಂಗಾ ಬದಲು, ಎಂಟು ಹೋಳು.

ಮೂರು ತಿಂಗಳ ಮೇಲೆ ಅವರು ಮತ್ತೆ ಬಂದಾಗ ಎರಡು ಕಿಲೊ ಇಳಿದಿತ್ತು, ಬಿಪಿಯೂ ಹತೋಟಿಗೆ ಬಂದಿತ್ತು. ಹಪ್ಪಳ, ಉಪ್ಪಿನಕಾಯಿಯನ್ನೂ ಬಿಟ್ಟಿದ್ದರು, ಮಾತ್ರೆ ತಪ್ಪಿಸಿರಲಿಲ್ಲ, ಆದ್ದರಿಂದ ಯಶಸ್ಸನ್ನೆಲ್ಲ ಶೇಂಗಾಕ್ಕೆ ಕೊಡಲಾರೆ. ಬೀಜ ತಿನ್ನುತ್ತೇನೆಂದು ಯಾರೂ ಮಾತ್ರೆ ನಿಲ್ಲಿಸಬಾರದು. ಕಿಡ್ನಿ ತೊಂದರೆ ಇರುವವರು ತಮ್ಮ ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಚಿಕ್ಕ ಮಕ್ಕಳಿಗೆ ಇಡಿ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕೀತು.

ಕೊನೆಗೆ, ನಮ್ಮ ಬಿಸಿಲಿನ ಮಾತು. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಅಕ್ರೋಟನ್ನು ಡಬ್ಬಿಯಲ್ಲಿ ಹೊರಗಿಟ್ಟರೆ ಬೇಗನೆ ಕಮಟು ವಾಸನೆ ಬರುತ್ತದೆ. ಹಳೆಯ ಎಣ್ಣೆಯ ವಾಸನೆ ಬಂತೆಂದರೆ ಚೆಲ್ಲಿ, ಹೊಸದನ್ನು ಫ್ರಿಜ್ಜಿನಲ್ಲಿಡಿ. ಶೇಂಗಾ ಆರಿಸುವಾಗ ಮುದುಡಿದ, ಕಪ್ಪಾದ, ಬೂಸಲು ಹಿಡಿದ ಕಾಳನ್ನು ತೆಗೆದುಹಾಕಿ. ಆ ಬೂಸಲು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದರಿಂದ ಪೆಟ್ಟಾಗುವುದು ಯಕೃತ್ತಿಗೆ, ಮತ್ತು ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಕೆಟ್ಟ ಕಾಳನ್ನು ಹಿಂಡಿಗೆ ಕುಟ್ಟಿಬಿಟ್ಟರೆ ಖಾರದಲ್ಲಿ ಗೊತ್ತೂ ಆಗುವುದಿಲ್ಲ, ಅದಕ್ಕೇ ಆರಿಸುವುದು ಕುಟ್ಟುವ ಮೊದಲು. ಬಾಯಿಗೆ ಒಂದು ಕಾಳು ಕಹಿ ಬಂದರೆ ನುಂಗದೆ ಉಗುಳಿಬಿಡಿ.

ನಮಸ್ಕಾರ.