ಮೋಟಾರು ಸುಟ್ಟರೆ ರೊಕ್ಕ ಯಾರದು?

ಕೇಳುಗರಿಗೆ ನಮಸ್ಕಾರ.

ರಾಯಚೂರಿನಲ್ಲಿ ವಕೀಲಿ ಮಾಡುವ ನನ್ನ ಹತ್ತಿರ ಹೊಲದ ತಕರಾರು, ಪಾಲು ವಿಭಾಗ, ಚೆಕ್ ಬೌನ್ಸ್ ಇಂಥವೇ ಜಾಸ್ತಿ ಬರುತ್ತವೆ. ಬಾಡಿಗೆ ಮನೆ ರಿಪೇರಿಯ ಜಗಳ ಕೋರ್ಟಿನ ತನಕ ಬರುವುದು ಕಡಿಮೆ. ಆದರೆ ಮನೆಮನೆಯಲ್ಲೂ ಇರುತ್ತದೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹತ್ತಿ ಮಿಲ್ಲಿನ ಗುಮಾಸ್ತರೊಬ್ಬರು ಒಂದು ಚೀಟಿ ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು. ಇವತ್ತು ಆ ಚೀಟಿಯ ಕಥೆ ಹೇಳುತ್ತೇನೆ. ಅವರ ಹೆಸರು, ಓಣಿ ಬೇಡ.

ಇವರು ಕೆಳಗಿನ ಮನೆಯಲ್ಲಿ, ಮಾಲೀಕರು ಮೇಲಿನ ಮನೆಯಲ್ಲಿ. ಬಾಡಿಗೆ ತಿಂಗಳಿಗೆ 8,000, ಅಡ್ವಾನ್ಸ್ 50,000. ಚೀಟಿಯಲ್ಲಿ ಮಾಲೀಕರ ಕೈಬರಹದಲ್ಲಿ ನಾಲ್ಕೇ ಸಾಲು. ಬೋರಿನ ಮೋಟಾರು 9,600, ಅದರಲ್ಲಿ ಅರ್ಧ 4,800. ಮಾಳಿಗೆ ಸೋರಿಕೆ 14,000, ಅರ್ಧ 7,000. ನಳ, ಪೈಪು 1,150, ಪೂರ್ತಿ. ಚೇಂಬರ್ ಸ್ವಚ್ಛ ಮಾಡಿದ್ದು 1,500, ಅದೂ ಪೂರ್ತಿ. ಒಟ್ಟು 14,450 ರೂಪಾಯಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಈ ತಿಂಗಳ ಬಾಡಿಗೆ ಜೊತೆ ಕೊಡಬೇಕು' ಅಂತ.

"ವಕೀಲ್ರೀ, ಈ ತಿಂಗಳ ಬಾಡಿಗಿನೇ ಕೊಡಬಾರದು ಅಂತ ಮಾಡೀನ್ರಿ" ಅಂದರು ಗುಮಾಸ್ತರು.

ನಾನು ಮೊದಲು ತಡೆದದ್ದು ಅದನ್ನೇ. ಬಾಡಿಗೆ ನಿಲ್ಲಿಸಿದ ದಿನ ಜಗಳದ ವಿಷಯವೇ ಬದಲಾಗುತ್ತದೆ. ಅಲ್ಲಿಯವರೆಗೆ ಮಾತು ಮೋಟಾರಿನದು. ಆಮೇಲೆ ಬಾಡಿಗೆ ಬಾಕಿಯದು, ಅದರ ಹಿಂದೆ ಮನೆ ಖಾಲಿ ಮಾಡಿಸುವುದು. ಮಾಲೀಕರ ಕೈಗೆ ನಾವೇ ಕೋಲು ಕೊಟ್ಟಂತೆ. 8,000 ಬಾಡಿಗೆಯನ್ನು ಬ್ಯಾಂಕಿನ ಮೂಲಕ ಕಟ್ಟಿ, ಚೀಟಿಯ ರೊಕ್ಕ ಬೇರೆ ಮಾತು ಅಂತ ಮಾಲೀಕರಿಗೆ ಒಂದು ಮೆಸೇಜ್ ಹಾಕಿ ಅಂದೆ. ಹಾಗೇ ಮಾಡಿದರು.

ಆಮೇಲೆ ಅಗ್ರಿಮೆಂಟ್ ತೆಗೆಸಿದೆ. ಎಲ್ಲರ ಮನೆಯಲ್ಲೂ ಇರುವಂಥದ್ದೇ, 11 ತಿಂಗಳದ್ದು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು, ಅದಕ್ಕೇ ಎಲ್ಲರೂ 11ಕ್ಕೆ ನಿಲ್ಲಿಸುತ್ತಾರೆ. ರಿಪೇರಿ ಬಗ್ಗೆ ಅದರಲ್ಲಿ ಒಂದೇ ಸಾಲು: 'ಸಣ್ಣಪುಟ್ಟ ರಿಪೇರಿಗಳನ್ನು ಬಾಡಿಗೆದಾರನು ತನ್ನ ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳತಕ್ಕದ್ದು.' ಎಲ್ಲಾ ಜಗಳ ಹುಟ್ಟುವುದು ಈ 'ಸಣ್ಣಪುಟ್ಟ'ದಲ್ಲಿ. ಮಾಲೀಕರಿಗೆ ಮೋಟಾರೂ ಸಣ್ಣಪುಟ್ಟ. ಗುಮಾಸ್ತರಿಗೆ ನಳದ ವಾಷರೂ ಸಣ್ಣದಲ್ಲ.

ಕಾನೂನು ಏನು ಹೇಳುತ್ತದೆ? ಕರ್ನಾಟಕದ ಬಾಡಿಗೆ ಕಾಯ್ದೆ ಇರುವುದು ಕಡಿಮೆ ಬಾಡಿಗೆಯ ಮನೆಗಳಿಗೆ, 8,000 ರೂಪಾಯಿಯ ಮನೆ ಅದರೊಳಗೆ ಬರುವುದಿಲ್ಲ. ನಮಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಅದರ 108ನೇ ಕಲಂ. ಬ್ರಿಟಿಷರ ಕಾಲದ್ದಾದರೂ ಇವತ್ತಿಗೂ ಅದೇ ನಡೆಯುತ್ತದೆ. ಅದರಲ್ಲಿ ನಮಗೆ ಬೇಕಾದ್ದು ಎರಡು ಮಾತು. ಬಾಡಿಗೆದಾರ ಮನೆಯನ್ನು ತಾನು ಬಂದಾಗ ಹೇಗಿತ್ತೋ ಹಾಗೆ ಇಟ್ಟುಕೊಳ್ಳಬೇಕು. ಆದರೆ ಬಳಸುತ್ತಾ ಬಳಸುತ್ತಾ ಸವೆದದ್ದಕ್ಕೂ, ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ಹಾಳಾದದ್ದಕ್ಕೂ ಅವನು ಹೊಣೆಯಲ್ಲ. ಅವನ ತಪ್ಪಿನಿಂದಲೇ ಕೆಟ್ಟಿದ್ದರೆ, ನೋಟಿಸ್ ಬಂದ ಮೂರು ತಿಂಗಳೊಳಗೆ ಸರಿ ಮಾಡಿಸಬೇಕು. ಇದು ಒಂದು.

ಇನ್ನೊಂದು, ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇಲ್ಲಿ 'ಮಾಡಿಸಲೇಬೇಕಾದ' ಅನ್ನುವ ಮಾತಿನಲ್ಲಿ ಬಹಳ ಜನ ಎಡವುತ್ತಾರೆ. ಯಾವ ರಿಪೇರಿ ಮಾಲೀಕರದು ಅಂತ ಈ ಕಾಯ್ದೆ ಪಟ್ಟಿ ಕೊಡುವುದಿಲ್ಲ. ಅದನ್ನು ಕರಾರು ಹೇಳಬೇಕು, ಇಲ್ಲವೇ ಊರಿನ ರೂಢಿ ಹೇಳಬೇಕು. ಅಗ್ರಿಮೆಂಟಿನಲ್ಲಿ ಒಂದಕ್ಷರವೂ ಇಲ್ಲದೆ ಬಾಡಿಗೆಯಲ್ಲಿ ಸುಮ್ನೆ ಮುರಿದುಕೊಂಡರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಪಟ್ಟಿ ಬೇಕು ಅಂದರೆ ಬೇರೆ ಕಡೆ ಒಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂದಿತು. ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಅದು ಕಾನೂನು. ಆದರೆ ಅದರ ಹಿಂದಿನ ಪಟ್ಟಿ ಚೆನ್ನಾಗಿದೆ, ಪಂಚಾಯ್ತಿಗೆ ಕೂತಾಗ ಅಳತೆಗೋಲಿನಂತೆ ಉಪಯೋಗಕ್ಕೆ ಬರುತ್ತದೆ. ಗೋಡೆ, ಮಾಳಿಗೆ, ಸುಣ್ಣಬಣ್ಣ, ಪೈಪ್ ಬದಲಿಸುವುದು, ಕರೆಂಟಿನ ವೈರಿಂಗ್, ಇವು ಮಾಲೀಕರದು. ನಳ, ವಾಷರು, ಸ್ವಿಚ್ಚು, ಚಿಲಕ, ಕಿಟಕಿ ಗಾಜು, ಚರಂಡಿ ಸ್ವಚ್ಛ ಮಾಡಿಸುವುದು, ಇವು ಬಾಡಿಗೆದಾರನದು. ನಾವು ಆ ಚೀಟಿಯ ಮೇಲೆ ಈ ಅಳತೆ ಇಟ್ಟು ನೋಡಿದೆವು.

ಮೊದಲು ಮೋಟಾರು. ಮಾಲೀಕರ ದೂರು ಇಷ್ಟೇ: "ಇವರ ಮನಿಯವರು ಮೋಟಾರ್ ಹಾಕಿ ಮರೀತಾರ್ರಿ, ಟ್ಯಾಂಕ್ ತುಂಬಿ ಹರೀತಿರ್ತದ, ಅದಕ್ಕ ಸುಟ್ಟೈತಿ." ಕೇಳಿದರೆ ನಿಜ ಅನಿಸುತ್ತದೆ, ಅಲ್ವಾ? ನಾನೂ ಅರ್ಧ ನಂಬಿದ್ದೆ. ವೈಂಡಿಂಗ್ ಅಂಗಡಿಯವರನ್ನು ಕೇಳಿ ಬನ್ನಿ ಅಂತ ಗುಮಾಸ್ತರನ್ನು ಕಳಿಸಿದೆ. ಬೋರಿನೊಳಗೆ ಇಳಿಸುವ ಮೋಟಾರು ತಣ್ಣಗಿರುವುದು ಸುತ್ತಲಿನ ನೀರಿನಿಂದ. ಟ್ಯಾಂಕ್ ತುಂಬಿ ಹರಿದರೆ ನೀರು, ಕರೆಂಟು ದಂಡ, ನಿಜ. ಆದರೆ ನೀರು ಏರುತ್ತಿದೆ ಅಂದರೆ ಮೋಟಾರು ನೀರಿನಲ್ಲೇ ಇದೆ ಅಂತ ಅರ್ಥ. ಬೇಸಿಗೆಯಲ್ಲಿ ಬೋರಿನ ನೀರು ಕೆಳಗಿಳಿದು ಮೋಟಾರು ಬರಿದೇ ತಿರುಗಿದಾಗ ಒಳಗೆ ಕಾವು ಏರುತ್ತದೆ. ಅಂಗಡಿಯವರು ಬಿಚ್ಚಿ ತೆಗೆದ ಪಂಪಿನ ಬಿಲ್ಲೆಗಳನ್ನು ತೋರಿಸಿದರಂತೆ. ಪ್ಲಾಸ್ಟಿಕ್ ಬಿಲ್ಲೆಗಳು ಬಿಸಿಗೆ ಕರಗಿ ಒಂದಕ್ಕೊಂದು ಅಂಟಿದ್ದವು. ಬಿಲ್ಲಿನ ಹಿಂದೆ 'ನೀರಿಲ್ಲದೆ ಓಡಿದೆ' ಅಂತ ಬರೆದು ಸಹಿ ಹಾಕಿಕೊಟ್ಟರು. ಆ ಒಂದು ಸಾಲು ಬಹಳ ಕೆಲಸ ಮಾಡಿತು.

ನೀರು ಇಳಿದದ್ದು ಗುಮಾಸ್ತರ ತಪ್ಪಲ್ಲ, ಮಾಲೀಕರದೂ ಅಲ್ಲ. ಆದರೆ ಬೋರು, ಮೋಟಾರು ಮಾಲೀಕರ ಆಸ್ತಿ. ಇವರು ಮನೆ ಬಿಟ್ಟು ಹೋದ ಮೇಲೂ ಅಲ್ಲೇ ಇರುತ್ತವೆ. ಮಾಲೀಕರೂ ಅದೇ ನೀರು ಕುಡಿಯುತ್ತಾರೆ. ಹಾಗಾಗಿ 9,600 ಅವರ ಲೆಕ್ಕಕ್ಕೆ. ಮೋಟಾರಿನ ಕರೆಂಟ್ ಬಿಲ್ ಬೇರೆ ಮಾತು, ಅದು ಬಳಕೆಯದು. ಮೇಲೆ 5 ಜನ, ಕೆಳಗೆ 4 ಜನ. ತಲೆ ಲೆಕ್ಕದಲ್ಲಿ ಹಂಚಿಕೊಳ್ಳೋಣ ಅಂತ ಗುಮಾಸ್ತರೇ ಹೇಳಿದರು. ಅಲ್ಲಿಯವರೆಗೆ ಬಿಲ್ಲು ಪೂರ್ತಿ ಮಾಲೀಕರ ಮೀಟರಿಗೆ ಬರುತ್ತಿತ್ತು. ನನ್ನ ಪ್ರಕಾರ ಮಾಲೀಕರ ಸಿಟ್ಟಿನ ಬೇರು ಅದೇ, ಅವರು ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ.

ಎರಡನೆಯದು ಮಾಳಿಗೆ. ಕೆಳಗಿನ ಮನೆಗೆ ಮಾಳಿಗೆ ಹೇಗೆ ಬಂತು ಅಂದರೆ, ಇವರ ಅಡುಗೆಮನೆ ಮಾತ್ರ ಹಿಂದಕ್ಕೆ ಚಾಚಿಕೊಂಡಿದೆ, ಅದರ ಮೇಲೆ ಕಟ್ಟಿಲ್ಲ. ಅಲ್ಲಿ ಗುಮಾಸ್ತರು ಟಿವಿಯ ಡಿಶ್ ಕೂರಿಸಿದ್ದರು, ಸ್ಲ್ಯಾಬಿಗೆ ನಾಲ್ಕು ಬೋಲ್ಟು ಹೊಡೆದು. ಮಾಲೀಕರು ಬೊಟ್ಟು ಮಾಡಿದ್ದು ಆ ಬೋಲ್ಟುಗಳ ಕಡೆ. ಇದು ಬರೀ ನೆಪವಲ್ಲ. ತೂತಿನಿಂದ ನೀರು ಇಳಿದಿದ್ದರೆ ಪೂರ್ತಿ 14,000 ಗುಮಾಸ್ತರದೇ. ಒದ್ದೆ ಕಂಡದ್ದು ಮೂಲೆಯಲ್ಲಿ, ಡಿಶ್ ಇದ್ದದ್ದು ಅಲ್ಲಿಂದ ನಾಲ್ಕು ಅಡಿ ದೂರ. ದೂರ ಇದೆ ಅಂತ ಬಿಡುವಹಾಗಿಲ್ಲ. ಸ್ಲ್ಯಾಬಿನೊಳಗೆ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಹೊರಗೆ ಬರುತ್ತದೆ.

ಆಗಿನ್ನೂ ಮಾಳಿಗೆ ಕೆಲಸ ಶುರುವಾಗಿರಲಿಲ್ಲ, 14,000 ಬರೀ ಅಂದಾಜು. ಅದು ಅದೃಷ್ಟ. ಗೌಂಡಿಯವರು ಒಂದು ಉಪಾಯ ಹೇಳಿದರು. ಮಳೆಯಿಲ್ಲದ ದಿನ ನೋಡಿ ಡಿಶ್ ಸುತ್ತ ಜೇಡಿಮಣ್ಣಿನ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿದರು. ಒಂದು ಹಗಲು, ಒಂದು ರಾತ್ರಿ. ಕೆಳಗೆ ಒಂದು ಹನಿ ಇಲ್ಲ. ಆ ಕಟ್ಟೆ ಒಡೆದು ಮೂಲೆಯಲ್ಲಿ ಕಟ್ಟಿ ನೀರು ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿ ಅಂಗೈಯಗಲ ಒದ್ದೆ. ಮಾಲೀಕರೇ ಕೆಳಗೆ ಬಂದು ಕೈಯಿಟ್ಟು ನೋಡಿದರು. ಗೌಂಡಿ ಗೋಡೆಯ ಸೀಳು ತೋರಿಸಿದರು, ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿತ್ತು. ನಮ್ಮ ಭಾಗದವರಿಗೆ ಇದು ಹೊಸದಲ್ಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಪಾಯ ಗಟ್ಟಿ ಇಲ್ಲದಿದ್ದರೆ ಗೋಡೆಯನ್ನೂ ಎಳೆಯುತ್ತದೆ. ಅದಕ್ಕೆ ಬಾಡಿಗೆದಾರ ಏನು ಮಾಡಿಯಾನು? 7,000 ಚೀಟಿಯಿಂದ ಹೋಯಿತು. ಡಿಶ್ ತೆಗೆದ ದಿನ ಆ ನಾಲ್ಕು ತೂತು ಮುಚ್ಚಿಸಿಕೊಡುವುದು ಮಾತ್ರ ಗುಮಾಸ್ತರ ಪಾಲು.

ನಳದ 1,150ರಲ್ಲಿ ಎರಡು ಕೆಲಸ ಸೇರಿಕೊಂಡಿದ್ದವು. ಹೊಸ ನಳ, ವಾಷರು 450. ಅದು ಇವರದೇ, ತಕರಾರಿಲ್ಲ. ಉಳಿದ 700 ಗೋಡೆ ಒಡೆದು ಪೈಪ್ ಬದಲಿಸಿದ್ದು. ನಮ್ಮ ಬೋರಿನ ಗಡಸು ನೀರಿಗೆ ಪೈಪಿನೊಳಗೆ ಬಿಳಿ ಹಿಟ್ಟು ಕಟ್ಟಿ, ಬೆರಳು ಹೋಗುವ ಪೈಪಿನಲ್ಲಿ ಕಡ್ಡಿ ಹೋಗುವಷ್ಟು ದಾರಿ ಉಳಿದಿತ್ತು. ವರ್ಷಗಟ್ಟಲೆ ಕಟ್ಟಿದ್ದು ಅದು, ಇವರು ಬಂದು ಒಂದೂವರೆ ವರ್ಷವಷ್ಟೇ. 700 ಮಾಲೀಕರಿಗೆ. ಚೇಂಬರ್ ಎರಡೂ ಮನೆಯದು, ಮೇಲಿನ ಪೈಪೂ ಅದಕ್ಕೇ ಬಂದು ಬೀಳುತ್ತದೆ. ಅರ್ಧರ್ಧ, 750.

ಕೂಡಿದರೆ 1,200 ರೂಪಾಯಿ. ಎಲ್ಲಿಯ 14,450, ಎಲ್ಲಿಯ 1,200!

ನಾನು ನೋಟಿಸ್ ಬರೆಯಲಿಲ್ಲ. ಗುಮಾಸ್ತರಿಂದಲೇ ಒಂದು ಪುಟದ ಪತ್ರ ಬರೆಸಿದೆ. ಪ್ರತಿ ಬಾಬತ್ತಿಗೆ ಎರಡು ಸಾಲು, ಜೊತೆಗೆ ವೈಂಡಿಂಗ್ ಬಿಲ್ಲಿನ ನಕಲು, ಒದ್ದೆಯ ಫೋಟೋ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ ಅಂದೆ. "ಮೇಲಿನ ಮನಿಗೆ ಸ್ಪೀಡ್ ಪೋಸ್ಟೇನ್ರಿ" ಅಂತ ನಕ್ಕರು. ನಗು ಬರುವಂಥದ್ದೇ. ಆದರೆ ನಾಳೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮುಂದೆ ರಾಜಿಗೆ ಕೂತರೂ, ಕೋರ್ಟಿಗೆ ಹೋದರೂ, ಯಾವತ್ತು ತಿಳಿಸಿದಿರಿ ಅನ್ನುವುದೇ ಮೊದಲ ಪ್ರಶ್ನೆ. ಕೊನೆಗೆ ಅವರು ಪತ್ರವನ್ನು ಕೈಯಲ್ಲೇ ಕೊಟ್ಟು, ನಕಲಿನ ಮೇಲೆ ಮಾಲೀಕರ ಸಹಿ ಹಾಕಿಸಿಕೊಂಡರು. ಅದೂ ನಡೆಯುತ್ತದೆ.

ಮಾಲೀಕರು ನಾಲ್ಕು ದಿನ ಮಾತು ಬಿಟ್ಟಿದ್ದರಂತೆ. ಐದನೇ ದಿನ ಅವರ ಮನೆಯವರು ಕೆಳಗೆ ಬಂದು, ಮೋಟಾರಿನ ಕರೆಂಟಿನ ಲೆಕ್ಕ ಯಾವ ತಿಂಗಳಿಂದ ಅಂತ ಕೇಳಿದರು. ಅಲ್ಲಿಗೆ ಮುಗಿಯಿತು. ಹೊಸ ಅಗ್ರಿಮೆಂಟಿನಲ್ಲಿ 'ಸಣ್ಣಪುಟ್ಟ' ಹೊಡೆದುಹಾಕಿ, ನಾನು ಹೀಗೆ ಬರೆಸಿದೆ: 'ಮನೆಯೊಳಗಿನ ನಳ, ಸ್ವಿಚ್ಚು, ಚಿಲಕಗಳ ರಿಪೇರಿ, ಒಂದು ಸಲಕ್ಕೆ 500 ರೂಪಾಯಿಯವರೆಗೆ, ಬಾಡಿಗೆದಾರರದು. ಮಾಳಿಗೆ, ಗೋಡೆ, ಗೋಡೆಯೊಳಗಿನ ಪೈಪು, ವೈರಿಂಗ್, ಬೋರು ಮತ್ತು ಮೋಟಾರು ಮಾಲೀಕರದು. ಬರೆದು ತಿಳಿಸಿದ 15 ದಿನದೊಳಗೆ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ, ಬಿಲ್ಲು ಕೊಟ್ಟು, ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.' ಈ ಸಾಲು ಇದ್ದರೆ 108ನೇ ಕಲಂ ನಿಮ್ಮ ಕಡೆ ನಿಲ್ಲುತ್ತದೆ.

ಗುಮಾಸ್ತರು 1,200 ಕೊಟ್ಟು ರಶೀದಿ ಕೇಳಿದರಂತೆ. ಮಾಲೀಕರು ಅದೇ ಹಳೆಯ ಚೀಟಿ ತಿರುಗಿಸಿ, ಹಿಂದುಗಡೆ ಬರೆದು ಸಹಿ ಹಾಕಿಕೊಟ್ಟರು. ಅದರ ನಕಲು ನನ್ನ ಫೈಲಿನಲ್ಲಿದೆ.

ನಮಸ್ಕಾರ.