ಕಾಫಿಪುಡಿಗೆ ಎಪ್ಪತ್ತು ರೂಪಾಯಿ ಜಾಸ್ತಿ

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಮಾಟುಂಗದಲ್ಲಿ ನಮ್ಮದೊಂದು ಕಾಫಿಪುಡಿ ಅಂಗಡಿ. ಬೀಜ ಹುರಿದು, ಪುಡಿ ಮಾಡಿ, ಚಿಕೋರಿ ಬೆರೆಸಿ ಹೋಟೆಲುಗಳಿಗೆ ಕೊಡುತ್ತೇವೆ. ಗಿರಾಕಿಗಳಲ್ಲಿ ಹೆಚ್ಚಿನವರು ನಮ್ಮ ತಂದೆಯ ಕಾಲದವರು. ಅಂಥವರಿಗೆ ದರ ಏರಿಸುವ ಸುದ್ದಿ ಹೇಳುವುದು ಹೇಗೆ? ಅದೇ ಇವತ್ತಿನ ಮಾತು.

ನಾನು ಮೊದಲ ಸಲ ಎಡವಿದ್ದೆ. ಹೇಳಲು ಸಂಕೋಚವಾಗಿ, ಸುಮ್ನೆ ಹೊಸ ದರ ಹಾಕಿ ಬಿಲ್ ಕಳಿಸಿಬಿಟ್ಟೆ. ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿದರು. "ದುಡ್ಡು ಕೊಡ್ತೇನೆ ಮಾರಾಯ, ಅದಲ್ಲ. ನನಗೆ ಬಿಲ್ ನೋಡಿ ಗೊತ್ತಾಗ್ಬೇಕಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ 2024 ಬಂತು. ವಿಯೆಟ್ನಾಮಿನಲ್ಲಿ ಬರ, ಬ್ರೆಜಿಲಿನಲ್ಲೂ ಮಳೆ ಇಲ್ಲ. ಇವೆರಡು ದೇಶಗಳಲ್ಲಿ ಬೆಳೆ ಕಮ್ಮಿಯಾದರೆ ಚಿಕ್ಕಮಗಳೂರು, ಕೊಡಗಿನ ಬೀಜಕ್ಕೂ ದರ ಏರುತ್ತದೆ. ಹೊರಗಡೆ ಒಳ್ಳೆ ಬೆಲೆ ಇರುವಾಗ ನಮಗೇಕೆ ಅಗ್ಗಕ್ಕೆ ಕೊಡುತ್ತಾರೆ, ಅಲ್ವಾ? ನಮಗೆ ಹಸಿ ಬೀಜ ಕಿಲೋಗೆ 80 ರೂಪಾಯಿ ಜಾಸ್ತಿಯಾಯಿತು.

ಹಾಗಾದರೆ ಪುಡಿಗೂ 80 ಏರಿಸಬೇಕೇ? ಇಲ್ಲಿ ಲೆಕ್ಕ ತಪ್ಪುವುದು ಸುಲಭ. ಹುರಿದಾಗ ಬೀಜದ ನೀರು ಆರಿ ತೂಕ ಇಳಿಯುತ್ತದೆ. ನಮ್ಮ ಹದಕ್ಕೆ ಒಂದು ಕಿಲೋ ಹಸಿ ಬೀಜ ಸುಮಾರು 840 ಗ್ರಾಂ ಆಗುತ್ತದೆ. ಇನ್ನೊಂದು ಕಡೆ, ಹೋಟೆಲಿನ ಪುಡಿಯಲ್ಲಿ ಕಾಫಿ 800 ಗ್ರಾಂ, ಉಳಿದ 200 ಗ್ರಾಂ ಚಿಕೋರಿ. ಚಿಕೋರಿಯ ದರ ಏರಿರಲಿಲ್ಲ. ಅಂದರೆ ಒಂದು ಕಿಲೋ ಪುಡಿಗೆ ಬೇಕಾಗುವ ಹಸಿ ಬೀಜ ಸುಮಾರು 950 ಗ್ರಾಂ. ನನಗೆ ಬಿದ್ದ ಹೊರೆ 76 ರೂಪಾಯಿ. ಆರು ರೂಪಾಯಿ ನಾನು ಹೊತ್ತೆ. 520 ಇದ್ದ ಪುಡಿಯನ್ನು 590 ಮಾಡಿದೆ.

ಈ ಸಲ ಗಿರಾಕಿಗಳಿಗೆಲ್ಲ ಮೊದಲೇ ಒಂದು ಪತ್ರ ಕೊಟ್ಟೆ. ಅದರ ಮೊದಲ ಸಾಲಿನಲ್ಲೇ ಈ ಎರಡು ದರ ಬರೆದೆ. ಕಾರಣ ಒಂದೇ ಒಂದು ಕೊಟ್ಟೆ, ಬೀಜದ ಬೆಲೆ. ಬಾಡಿಗೆ, ಕರೆಂಟು, ಡೀಸೆಲ್ ಅಂತ ಪಟ್ಟಿ ಬೆಳೆಸಿದರೆ ಓದುವವರಿಗೆ ಎಲ್ಲವೂ ನೆಪದಂತೆ ಕಾಣುತ್ತದೆ. ಇನ್ನೊಂದು ಸಾಲು ಸೇರಿಸಿದೆ: ಒಂದು ಕಿಲೋದಲ್ಲಿ 90 ಲೋಟ ಕಾಫಿ ಬಂದರೆ ಲೋಟಕ್ಕೆ ಏರುವುದು 80 ಪೈಸೆಯೂ ಇಲ್ಲ. ಹೋಟೆಲಿನವರು ಯೋಚಿಸುವುದು ಲೋಟದ ಲೆಕ್ಕದಲ್ಲಿ.

ಇನ್ನು ತಾರೀಕು. ಪತ್ರ ಕೊಟ್ಟದ್ದು ನವೆಂಬರ್ 1ಕ್ಕೆ, ಹೊಸ ದರ ಡಿಸೆಂಬರ್ 1ರಿಂದ. ಆದರೆ ನವೆಂಬರ್ 28ಕ್ಕೆ ಆರ್ಡರ್ ಕೊಟ್ಟು ಡಿಸೆಂಬರ್ 5ಕ್ಕೆ ಮಾಲು ಹೋದರೆ ಯಾವ ದರ? ಜಗಳ ಶುರುವಾಗುವುದೇ ಇಲ್ಲಿ. ಅದಕ್ಕೆ ಬಿಡಿಸಿ ಬರೆದೆ: ನವೆಂಬರ್ 30ರ ಸಂಜೆಯೊಳಗೆ ನಮ್ಮ ಆರ್ಡರ್ ಪುಸ್ತಕದಲ್ಲಿ ಬರೆಸಿದ ಮಾಲಿಗೆ ಹಳೇ ದರ, ಆದರೆ ಡಿಸೆಂಬರ್ 15ರೊಳಗೆ ಒಯ್ಯಬೇಕು.

ಈ 15 ಎಲ್ಲಿಂದ ಬಂತು? ಗೋದಾಮಿಗೆ ಹೋಗಿ ಮೂಟೆ ಎಣಿಸಿದೆ. ಹಳೇ ದರಕ್ಕೆ ಕೊಂಡ 50 ಕಿಲೋದ 24 ಮೂಟೆ ಇದ್ದವು. ಹುರಿದು, ಚಿಕೋರಿ ಸೇರಿಸಿದರೆ ಸುಮಾರು 1,260 ಕಿಲೋ ಪುಡಿ. ತಿಂಗಳಿಗೆ 800 ಕಿಲೋ ಹೋಗುತ್ತದೆ. ಅಂದರೆ ನವೆಂಬರ್ 1ರಿಂದ ಒಂದೂವರೆ ತಿಂಗಳ ಮಾಲು. ಅದಕ್ಕಿಂತ ಜಾಸ್ತಿ ದಿನ ಕೊಟ್ಟಿದ್ದರೆ ಕೈಯಿಂದ ದುಡ್ಡು ಹಾಕಬೇಕಿತ್ತು.

ಇದಕ್ಕೊಂದು ಮಿತಿಯೂ ಬೇಕು. ಕಳೆದ ಮೂರು ತಿಂಗಳ ಸರಾಸರಿಯಷ್ಟು ಮಾಲಿಗೆ ಮಾತ್ರ ಹಳೇ ದರ ಅಂದೆ. ತಿಂಗಳಿಗೆ 40 ಕಿಲೋ ಒಯ್ಯುವ ಒಬ್ಬರು ಕೊನೇ ವಾರ 200 ಕಿಲೋ ಬರೆಸಲು ಬಂದರು. "ಅಣ್ಣಾ, 40 ಹಳೇ ದರಕ್ಕೆ. ಉಳಿದದ್ದು 590ಕ್ಕೆ ಬೇಕಾದರೆ ಕೊಡ್ತೇನೆ. ಆದರೆ ಪುಡಿ ಇಟ್ಟರೆ ಘಮ ಹೋಗ್ತದೆ, ಐದು ತಿಂಗಳು ಯಾರಿಗೆ ಕುಡಿಸ್ತೀರಿ?" ಅಂದೆ. ಅವರು ನಕ್ಕು 40ಕ್ಕೇ ನಿಲ್ಲಿಸಿದರು.

ಒಂದು ಕ್ಯಾಂಟೀನಿನ ಜೊತೆ ಮಾರ್ಚ್ ಕೊನೆಯವರೆಗೆ ಒಂದೇ ದರ ಅಂತ ಬರಹದಲ್ಲಿತ್ತು. ಅವರಿಗೆ ಏರಿಸುವ ಹಾಗಿರಲಿಲ್ಲ. ಅವರ ಪತ್ರದಲ್ಲಿ ಏಪ್ರಿಲ್ 1ರ ತಾರೀಕು ಹಾಕಿದೆ. ಆ ನಷ್ಟ ನನ್ನದೇ.

ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಬೀಜದ ದರ ಇಳಿದರೆ ನೀವೂ ಇಳಿಸ್ತೀರಾ?" ನ್ಯಾಯವಾದ ಮಾತು. ರೊಬಸ್ಟಾ ಜಾತಿಯ ಕಾಫಿಯ ಕೊಯ್ಲು ಮಾರ್ಚ್ ಹೊತ್ತಿಗೆ ಮುಗಿಯುತ್ತದೆ, ಹೊಸ ಬೆಳೆಯ ದರ ಆಗ ತಿಳಿಯುತ್ತದೆ. ಅದಕ್ಕೇ ಪತ್ರದ ಕೊನೆಗೆ, ಏಪ್ರಿಲಿನಲ್ಲಿ ಬೀಜದ ಬಿಲ್ ನಿಮಗೆ ತೋರಿಸಿಯೇ ದರ ಮತ್ತೆ ನೋಡುತ್ತೇನೆ ಅಂತ ಬರೆದು ಸಹಿ ಹಾಕಿದ್ದೆ. ಮೊದಲು ಫೋನ್ ಮಾಡಿ ಗದರಿದ್ದ ಆ ಹಿರಿಯರು ಪತ್ರವನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಏಪ್ರಿಲ್ ಒಂದಕ್ಕೆ ಬೆಳಿಗ್ಗೆ ಏಳಕ್ಕೇ ಅವರ ಫೋನ್ ಬಂತು.