ರೆಸ್ಯೂಮೆಯ ಒಳಲೆಕ್ಕ

ಮಾನ್ಯರೇ,

ಅಭ್ಯರ್ಥಿಗಳನ್ನು ಸಂದರ್ಶಿಸುವವರೇ ಈ ಸಭಾಂಗಣದಲ್ಲಿ ತುಂಬಿರುವುದರಿಂದ, ರೆಸ್ಯೂಮೆಗಳಲ್ಲಿ ಉತ್ಪ್ರೇಕ್ಷೆ ಇರುತ್ತದೆಯೇ ಎಂಬ ಪ್ರಶ್ನೆಯಿಂದ ನಾನು ಆರಂಭಿಸುವುದಿಲ್ಲ. ಹಿಂದಿನ ಸಂಸ್ಥೆಗೆ ಫೋನ್ ಮಾಡುವ ಮೊದಲೇ, ಆ ಎರಡು ಪುಟಗಳನ್ನು ಒಂದಕ್ಕೊಂದು ಎದುರುಬದುರು ನಿಲ್ಲಿಸಿ ಎಷ್ಟು ತಿಳಿಯಬಹುದು ಎಂಬುದಷ್ಟೇ ನನ್ನ ವಿಷಯ. ಅದಕ್ಕಾಗಿ ಒಂದೇ ಒಂದು ರೆಸ್ಯೂಮೆಯನ್ನು ತಂದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ತೆಗೆದುಹಾಕಿದ್ದೇನೆ.

ಅದು 2021ರ ಫೆಬ್ರವರಿಯ ಕೊನೆಯಲ್ಲಿ ನನ್ನ ಮೇಜಿಗೆ ಬಂತು. ಮೇಲ್ಭಾಗದಲ್ಲಿ ‘10 ವರ್ಷಗಳ ಅನುಭವ’ ಎಂದು ದಪ್ಪಕ್ಷರದಲ್ಲಿತ್ತು. ಮೊದಲ ಕೆಲಸ 2012ರ ಜೂನ್‌ನಿಂದ 2014ರ ಡಿಸೆಂಬರ್‌ವರೆಗೆ. ಎರಡನೆಯದಕ್ಕೆ ತಿಂಗಳುಗಳೇ ಇಲ್ಲ, ಬರೀ 2015–2016. ಮೂರನೆಯದು 2016ರ ಮಾರ್ಚ್‌ನಿಂದ ಅಂದಿನವರೆಗೆ. ಕೂಡಿಸಿ ನೋಡೋಣ. ಮೊದಲನೆಯದು 31 ತಿಂಗಳು, ಮೂರನೆಯದು 60. ನಡುವಿನದು ಹೆಚ್ಚೆಂದರೆ 2015ರ ಜನವರಿಯಿಂದ 2016ರ ಫೆಬ್ರವರಿಯವರೆಗೆ 14 ತಿಂಗಳು. ಆದರೆ ಡಿಸೆಂಬರ್‌ನಲ್ಲಿ ಸೇರಿ ಜನವರಿಯಲ್ಲಿ ಬಿಟ್ಟವರೂ ‘2015–2016’ ಎಂದೇ ಬರೆಯಬಹುದು, ಆಗ ಅದು ಎರಡೇ ತಿಂಗಳು. ಒಟ್ಟು ಅನುಭವ 93 ಮತ್ತು 105 ತಿಂಗಳ ನಡುವೆ ಎಲ್ಲೋ ಇದೆ. ಒಂಬತ್ತು ವರ್ಷವೂ ತುಂಬುವುದಿಲ್ಲ.

ಹಾಗಾದರೆ ಹತ್ತು ಎಲ್ಲಿಂದ ಬಂತು? 2012, 13, 14 ಎಂದು ಬೆರಳು ಮಡಚಿದರೆ ಮೂರು, 2015, 16 ಎಂದರೆ ಎರಡು, 2016ರಿಂದ 2021 ಎಂದರೆ ಐದು. 2016 ಎರಡು ಕಡೆ ಲೆಕ್ಕಕ್ಕೆ ಬಂದಿದೆ. ಇದು ಸುಳ್ಳಲ್ಲ, ಬೆರಳೆಣಿಕೆಯ ತಪ್ಪು. ತಪ್ಪು ಸಂಖ್ಯೆ ಸಿಕ್ಕಿತೆಂದು ಅಲ್ಲಿಗೇ ಕಡತ ಮುಚ್ಚದೆ ಆ ಸಂಖ್ಯೆ ಹುಟ್ಟಿದ ದಾರಿಯನ್ನು ಹುಡುಕಬೇಕೆಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಈಗಲೂ ಇನ್ನೆರಡು ಬಾರಿ ಹೇಳುವವನಿದ್ದೇನೆ, ಕ್ಷಮಿಸಿ.

ಇನ್ನು ಸಲಕರಣೆಗಳ ವಿಷಯ. ಮೊದಲ ಕೆಲಸದ ಕೆಳಗೆ ‘ಎರಡು ವರ್ಷ ಪ್ರೊಡಕ್ಷನ್‌ನಲ್ಲಿ ಕುಬರ್ನೆಟಿಸ್ ನಿರ್ವಹಣೆ’ ಎಂದಿತ್ತು. ಅನೇಕ ಸರ್ವರ್‌ಗಳಲ್ಲಿ ಓಡುವ ತಂತ್ರಾಂಶಗಳನ್ನು ನಿಭಾಯಿಸುವ ಈ ಸಲಕರಣೆಯನ್ನು ಗೂಗಲ್ ಸಾರ್ವಜನಿಕಗೊಳಿಸಿದ್ದು 2014ರ ಜೂನ್‌ನಲ್ಲಿ, 1.0 ಆವೃತ್ತಿ ಬಂದದ್ದು 2015ರ ಜುಲೈನಲ್ಲಿ. ಆ ಕೆಲಸ ಮುಗಿದಾಗ ಕುಬರ್ನೆಟಿಸ್ ಹೊರಜಗತ್ತಿಗೆ ಬಂದು ಆರೇಳು ತಿಂಗಳಾಗಿತ್ತು, ಅಷ್ಟೆ. ಹಳೆಯ ಕೆಲಸಕ್ಕೆ ಇಂದಿನ ಹೆಸರು ಅಂಟಿಸುವುದು ಬಹಳ ಜನರ ಅಭ್ಯಾಸ, ಬರೀ ಹೆಸರಿಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಹೆಸರಿನ ಬೆನ್ನಿಗೆ ‘ಎರಡು ವರ್ಷ’ ಎಂಬ ಅವಧಿಯೂ ಬಂದಾಗ ಮಾತ್ರ, ಆ ಸಾಲು ನೆನಪಿನಿಂದ ಬಂದದ್ದಲ್ಲ, ಯಾರೋ ಕೂತು ಕಟ್ಟಿದ್ದು ಎಂಬ ಅನುಮಾನ ಏಳುತ್ತದೆ.

ಅಭ್ಯರ್ಥಿಯನ್ನು ಕರೆಸಿದೆವು. ದಿನಾಂಕದ ಮಾತೆತ್ತದೆ, ‘ಆ ದಿನಗಳಲ್ಲಿ ರಾತ್ರಿ ಒಂದು ಸರ್ವರ್ ಬಿದ್ದರೆ ನೀವು ಏನು ಮಾಡುತ್ತಿದ್ದಿರಿ?’ ಎಂದು ಕೇಳಿದೆ. ‘ಫೋನಿಗೆ ಮೆಸೇಜ್ ಬರುತ್ತಿತ್ತು ಸರ್, ಲಾಗಿನ್ ಆಗಿ ಸ್ಕ್ರಿಪ್ಟ್ ಮತ್ತೆ ಓಡಿಸುತ್ತಿದ್ದೆ’ ಎಂದರು. ಬಿದ್ದದ್ದನ್ನು ತಾನೇ ಎಬ್ಬಿಸಲೆಂದೇ ಇರುವುದು ಕುಬರ್ನೆಟಿಸ್. ಅದಿದ್ದ ಕಡೆ ಒಮ್ಮೊಮ್ಮೆ ಮನುಷ್ಯ ಏಳಬೇಕಾಗಬಹುದು, ಆದರೆ ಅದೇ ದಿನನಿತ್ಯದ ಪದ್ಧತಿ ಆಗಿರುವುದಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅವರೇ, ಆ ಸಾಲನ್ನು ಸ್ನೇಹಿತರೊಬ್ಬರು ‘ಸರಿಪಡಿಸಿ’ ಕೊಟ್ಟದ್ದೆಂದು ಒಪ್ಪಿಕೊಂಡರು. (ಇಂಥ ಸ್ನೇಹಿತರು ಎಲ್ಲರಿಗೂ ಒಬ್ಬೊಬ್ಬರಾದರೂ ಇರುತ್ತಾರೆ.)

ಅದೇ ಹಾಳೆಯ ಮೂರನೆಯ ಕೆಲಸದ ಕೆಳಗೆ, ಯಾರ ಕಣ್ಣಿಗೂ ಬೀಳದಂತೆ, ‘2020: ಹೆಲ್ಮ್ 2ರಿಂದ 3ಕ್ಕೆ ಬದಲಾವಣೆ, ಟಿಲ್ಲರ್ ತೆರವು’ ಎಂಬ ಸಾಲಿತ್ತು. ಹೆಲ್ಮ್ ಎಂದರೆ ಕುಬರ್ನೆಟಿಸ್‌ನಲ್ಲಿ ತಂತ್ರಾಂಶಗಳನ್ನು ಸ್ಥಾಪಿಸುವ ಸಲಕರಣೆ, ಟಿಲ್ಲರ್ ಅದರ ಎರಡನೆಯ ಆವೃತ್ತಿಯಲ್ಲಿದ್ದ ಸರ್ವರ್ ಬದಿಯ ಭಾಗ. ಹೆಲ್ಮ್ 3 ಹೊರಬಂದದ್ದು 2019ರ ನವೆಂಬರ್‌ನಲ್ಲಿ, ಟಿಲ್ಲರ್ ಇಲ್ಲವಾದದ್ದು ಆ ಆವೃತ್ತಿಯಲ್ಲೇ. ಮೆರೆಯಲು ಬರೆದ ಸಾಲು ಹೀಗಿರುವುದಿಲ್ಲ. ಆ ಕೆಲಸದಲ್ಲಿ ಕೈ ಸುಟ್ಟುಕೊಂಡವರೇ ಟಿಲ್ಲರ್ ಹೆಸರೆತ್ತುತ್ತಾರೆ. ಸಾಲು ಹುಟ್ಟಿದ ದಾರಿಯನ್ನು ಹುಡುಕಿ ಎಂದೆನಲ್ಲ, ಅದು ಆರೋಪಕ್ಕಷ್ಟೇ ಅಲ್ಲ, ಅಭ್ಯರ್ಥಿಯ ಪರವಾಗಿಯೂ ಕೆಲಸ ಮಾಡುತ್ತದೆ.

ಸಮಯ ಮುಗಿಯಿತೆಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಹುದ್ದೆಗಳ ಬಗ್ಗೆ ಒಂದೇ ಮಾತು. ಹಾಳೆಯ ಪ್ರಕಾರ, ಪದವಿ ಮುಗಿದ ಮರುತಿಂಗಳೇ ಈ ಅಭ್ಯರ್ಥಿ ‘ಸೀನಿಯರ್’ ಆಗಿದ್ದರು. ಕೆಲಸ ಬಿಡುವಾಗಿನ ಹುದ್ದೆಯನ್ನೇ ಇಡೀ ಅವಧಿಗೆ ಬರೆದಿದ್ದರು ಎಂಬುದು ಬಿಡುಗಡೆ ಪತ್ರ ನೋಡಿದಾಗ ತಿಳಿಯಿತು. ಇನ್ನೊಂದು ಮಿತಿಯನ್ನೂ ಹೇಳಿಬಿಡುತ್ತೇನೆ: ಜಾಣತನದಿಂದ ಹೆಣೆದ ಸುಳ್ಳು ಈ ಎಲ್ಲ ಲೆಕ್ಕಗಳಲ್ಲೂ ಪಾಸಾಗುತ್ತದೆ, ಅಲ್ಲಿ ಹಿಂದಿನ ಸಂಸ್ಥೆಗೆ ಫೋನ್ ಮಾಡಲೇಬೇಕು.

ನಾವು ಅವರ ಮೊದಲ ಕೆಲಸದ ಸಾಲುಗಳನ್ನು ಪಕ್ಕಕ್ಕಿಟ್ಟು, ಮೂರನೆಯ ಕೆಲಸದ ಐದು ವರ್ಷಗಳನ್ನಷ್ಟೇ ಅನುಭವವೆಂದು ಎಣಿಸಿ, ಆ ಮಟ್ಟದ ಹುದ್ದೆಗೆ ತೆಗೆದುಕೊಂಡೆವು. ನಡುವಿನ ‘2015–2016’ ಎಷ್ಟು ತಿಂಗಳೆಂದು ಕೇಳಲು ಮಾತ್ರ ಆ ದಿನ ನಾನೇ ಮರೆತೆ.